ನೆಗೆಟಿವ್ ಮಾರ್ಕಿಂಗ್ ಇರುವ ಪರೀಕ್ಷೆಯಲ್ಲಿ ತೇರ್ಗಡೆಗೆ ಎಷ್ಟು ಸರಿ ಉತ್ತರ ಬೇಕು? ಸಿಸ್ಯಾಟ್ ಪತ್ರಿಕೆಯನ್ನು ಮುಂದಿಟ್ಟುಕೊಂಡು ಹಂತ ಹಂತದ ಲೆಕ್ಕ

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆಯನ್ನು ಅಭ್ಯರ್ಥಿಗಳು ಸಿಸ್ಯಾಟ್ ಎಂದು ಕರೆಯುತ್ತಾರೆ. ಇದರಲ್ಲಿ ಒಟ್ಟು 200 ಅಂಕಗಳ 80 ಪ್ರಶ್ನೆಗಳಿರುತ್ತವೆ. 2015ರಿಂದ ಇದು ಕೇವಲ ಅರ್ಹತಾ ಪತ್ರಿಕೆ. ಶೇ 33, ಅಂದರೆ 66 ಅಂಕ ಬಂದರೆ ಸಾಕು, ಅದಕ್ಕಿಂತ ಹೆಚ್ಚು ಬಂದರೂ ರ‍್ಯಾಂಕಿಗೆ ಉಪಯೋಗವಿಲ್ಲ. ಆದರೆ 66ಕ್ಕಿಂತ ಕಡಿಮೆ ಬಂದರೆ ಮೊದಲ ಪತ್ರಿಕೆಯಲ್ಲಿ ಎಷ್ಟೇ ಅಂಕ ಬಂದಿದ್ದರೂ ಮುಖ್ಯ ಪರೀಕ್ಷೆಗೆ ದಾರಿಯಿಲ್ಲ. "ಹಾಗಾದರೆ ಎಷ್ಟು ಪ್ರಶ್ನೆ ಸರಿಯಾಗಬೇಕು?" ಎಂಬ ಪ್ರಶ್ನೆಗೆ 27 ಎಂದು ಉತ್ತರಿಸುವವರು ಬಹಳ ಜನ. ಆ ಉತ್ತರ ಒಂದೇ ಒಂದು ಸಂದರ್ಭದಲ್ಲಿ ಮಾತ್ರ ನಿಜ: ಒಂದಕ್ಕಿಂತ ಹೆಚ್ಚು ತಪ್ಪು ಮಾಡದಿದ್ದಾಗ. ಉಳಿದೆಲ್ಲ ಸಂದರ್ಭಗಳಲ್ಲೂ ಬೇಕಾದ ಸಂಖ್ಯೆ ನೀವು ಎಷ್ಟು ಪ್ರಶ್ನೆಗಳಿಗೆ ಉತ್ತರಿಸಿದ್ದೀರಿ ಎಂಬುದರ ಮೇಲೆ ನಿಲ್ಲುತ್ತದೆ. ಎಲ್ಲ 80 ಪ್ರಶ್ನೆಗಳಿಗೂ ಉತ್ತರಿಸಿದವರಿಗೆ ಅದು 40ಕ್ಕೆ ಏರುತ್ತದೆ.

ಈ ಲೆಕ್ಕಕ್ಕೆ ದೊಡ್ಡ ಗಣಿತ ಬೇಕಿಲ್ಲ, ಹಂತಗಳ ಕ್ರಮ ಮಾತ್ರ ತಪ್ಪಬಾರದು. ಸಿಸ್ಯಾಟ್‌ನಿಂದ ಆರಂಭಿಸಿ, ಅದೇ ವಿಧಾನವನ್ನು ಬೇರೆ ಪರೀಕ್ಷೆಗಳಿಗೆ ಹೊಂದಿಸಿಕೊಳ್ಳುವುದು ಹೇಗೆ ಎಂಬಲ್ಲಿಯವರೆಗೆ ಈ ಮಾರ್ಗದರ್ಶಿ ಸಾಗುತ್ತದೆ.

## ಮೊದಲು ಕೈಯಲ್ಲಿ ಇರಬೇಕಾದವು

ಪರೀಕ್ಷೆಯ ಅಧಿಕೃತ ಅಧಿಸೂಚನೆ, ಒಂದು ಹಾಳೆ, ಪೆನ್ನು, ಮತ್ತು ನೀವು ಈಗಾಗಲೇ ಬರೆದ ಒಂದೆರಡು ಅಣಕು ಪರೀಕ್ಷೆಗಳ ಉತ್ತರ ಪತ್ರಿಕೆಗಳು ಇದ್ದರೆ ಸಾಕು. ಕ್ಯಾಲ್ಕ್ಯುಲೇಟರ್ ಅನಗತ್ಯ. ಸಿಸ್ಯಾಟ್ ಪರೀಕ್ಷಾ ಕೊಠಡಿಗೆ ಅದನ್ನು ಒಯ್ಯುವಂತೆಯೂ ಇಲ್ಲವಾದ್ದರಿಂದ, ಮನಸ್ಸಿನಲ್ಲೇ ಮಾಡಬಹುದಾದ ರೂಪಕ್ಕೆ ಲೆಕ್ಕವನ್ನು ಇಳಿಸಿಕೊಳ್ಳುವುದೇ ಇಲ್ಲಿನ ಉದ್ದೇಶ.

## ಹಂತ 1: ಅಧಿಸೂಚನೆಯಿಂದ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ

ಒಂದು ಸರಿ ಉತ್ತರಕ್ಕೆ ಎಷ್ಟು ಅಂಕ, ಒಂದು ತಪ್ಪು ಉತ್ತರಕ್ಕೆ ಎಷ್ಟು ಕಡಿತ, ಖಾಲಿ ಬಿಟ್ಟರೆ ಏನಾಗುತ್ತದೆ, ತೇರ್ಗಡೆಯ ಅಂಕ ಎಷ್ಟು ಎಂಬುದನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಸಿಸ್ಯಾಟ್‌ನಲ್ಲಿ ಸರಿ ಉತ್ತರಕ್ಕೆ 2.5 ಅಂಕ, ತಪ್ಪು ಉತ್ತರಕ್ಕೆ ಆ ಪ್ರಶ್ನೆಗೆ ನಿಗದಿಯಾದ ಅಂಕದ ಮೂರನೇ ಒಂದು ಭಾಗ ಕಡಿತ, ಖಾಲಿ ಬಿಟ್ಟದ್ದಕ್ಕೆ ಕಡಿತವಿಲ್ಲ, ತೇರ್ಗಡೆಗೆ 66 ಅಂಕ. ಒಂದೇ ಪ್ರಶ್ನೆಗೆ ಎರಡು ವೃತ್ತಗಳನ್ನು ತುಂಬಿದರೆ, ಅವುಗಳಲ್ಲಿ ಒಂದು ಸರಿಯಾಗಿದ್ದರೂ, ಆ ಪ್ರಶ್ನೆ ತಪ್ಪು ಎಂದೇ ಲೆಕ್ಕಕ್ಕೆ ಬರುತ್ತದೆ ಮತ್ತು ಅದೇ ಕಡಿತ ಅನ್ವಯವಾಗುತ್ತದೆ.

ಹೆಚ್ಚಿನವರು ಎಡವುವುದು ಎರಡನೇ ಸಾಲಿನಲ್ಲಿ. "ಮೂರನೇ ಒಂದು ಭಾಗ" ಎಂದರೆ ಒಂದು ಅಂಕದ ಮೂರನೇ ಒಂದು ಭಾಗವಲ್ಲ, ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ. 2.5 ಅಂಕದ ಪ್ರಶ್ನೆಗೆ ಕಡಿತ 0.33 ಅಲ್ಲ, 0.83ಕ್ಕೆ ತುಸು ಹೆಚ್ಚು. ಇದನ್ನು 0.33 ಎಂದು ಹಿಡಿದವರು 30 ತಪ್ಪು ಮಾಡಿದಾಗ ಕೇವಲ 10 ಅಂಕ ಹೋಗುತ್ತದೆಂದು ಭಾವಿಸುತ್ತಾರೆ, ನಿಜವಾಗಿ ಹೋಗುವುದು 25 ಅಂಕ. ಹಾಗೆಯೇ "0.25 ಅಂಕ ಕಡಿತ" ಮತ್ತು "ಪ್ರಶ್ನೆಯ ಅಂಕದ ನಾಲ್ಕನೇ ಒಂದು ಭಾಗ ಕಡಿತ" ಎಂಬೆರಡು ವಾಕ್ಯಗಳು ಒಂದು ಅಂಕದ ಪ್ರಶ್ನೆಯಲ್ಲಿ ಒಂದೇ ಆಗಿದ್ದರೂ, ಎರಡು ಅಂಕದ ಪ್ರಶ್ನೆಯಲ್ಲಿ ಎರಡನೆಯದು ಮೊದಲನೆಯದರ ಇಮ್ಮಡಿ. ಅಧಿಸೂಚನೆಯ ವಾಕ್ಯವನ್ನು ಪದಪದವಾಗಿ ಓದದೆ ಮುಂದಿನ ಹಂತಕ್ಕೆ ಹೋಗಬೇಡಿ.

ಮೂರನೇ ಸಾಲನ್ನೂ ಲಘುವಾಗಿ ಪರಿಗಣಿಸಬಾರದು. ಕೆಲವು ಪರೀಕ್ಷೆಗಳ ಓಎಂಆರ್ ಹಾಳೆಯಲ್ಲಿ "ಉತ್ತರಿಸಿಲ್ಲ" ಎಂದು ಸೂಚಿಸಲು ಐದನೇ ವೃತ್ತವಿರುತ್ತದೆ. ಆ ವೃತ್ತವನ್ನೂ ತುಂಬದೆ ಬಿಟ್ಟರೆ ಏನಾಗುತ್ತದೆ ಎಂಬುದು ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುತ್ತದೆ. ಕಡಿತವಿದೆ ಎಂದಾದರೆ ಅಲ್ಲಿ ಖಾಲಿ ಬಿಟ್ಟ ಪ್ರಶ್ನೆಯೂ ತಪ್ಪಿನ ಲೆಕ್ಕಕ್ಕೇ ಸೇರುತ್ತದೆ.

## ಹಂತ 2: ದಶಮಾಂಶವನ್ನು ಬಿಟ್ಟು ಪಾಲುಗಳಲ್ಲಿ ಎಣಿಸಿ

0.8333 ಎಂಬ ಮುಗಿಯದ ದಶಮಾಂಶವನ್ನು ಹಿಡಿದುಕೊಂಡು ಲೆಕ್ಕ ಮಾಡಲು ಹೊರಟರೆ ತಪ್ಪು ನುಸುಳುವುದು ಖಚಿತ. ಅದರ ಬದಲು ಒಂದು ತಪ್ಪಿಗೆ ಹೋಗುವ ಅಂಕವನ್ನೇ ಒಂದು ಪಾಲು ಎಂದು ಕರೆಯೋಣ. ಸಿಸ್ಯಾಟ್‌ನಲ್ಲಿ ಕಡಿತವು ಮೂರನೇ ಒಂದು ಭಾಗವಾದ್ದರಿಂದ ಸರಿ ಉತ್ತರಕ್ಕೆ ಮೂರು ಪಾಲು ಸಿಗುತ್ತದೆ, ತಪ್ಪು ಉತ್ತರಕ್ಕೆ ಒಂದು ಪಾಲು ಹೋಗುತ್ತದೆ, ಖಾಲಿ ಬಿಟ್ಟದ್ದಕ್ಕೆ ಸೊನ್ನೆ. ಇಷ್ಟು ಮಾಡಿದರೆ ಲೆಕ್ಕದುದ್ದಕ್ಕೂ ಪೂರ್ಣ ಸಂಖ್ಯೆಗಳೇ ಇರುತ್ತವೆ.

ದಶಮಾಂಶವನ್ನು ಮೊಟಕುಗೊಳಿಸಿದರೆ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಿ. 39 ಸರಿ ಮತ್ತು 38 ತಪ್ಪು ಮಾಡಿದ ಅಭ್ಯರ್ಥಿಯು ಕಡಿತವನ್ನು 0.8 ಎಂದು ಹಿಡಿದರೆ 97.5ರಿಂದ 30.4 ಕಳೆದು 67.1 ಬಂತೆಂದು ನಿಟ್ಟುಸಿರು ಬಿಡುತ್ತಾನೆ. 0.83 ಎಂದು ಹಿಡಿದರೆ 65.96 ಬರುತ್ತದೆ, ಅದನ್ನು 66 ಎಂದೇ ಓದಿಕೊಳ್ಳುವ ಆಸೆ ಹುಟ್ಟುತ್ತದೆ. ಪಾಲುಗಳಲ್ಲಿ ಎಣಿಸಿದರೆ 117ರಿಂದ 38 ಹೋಗಿ 79 ಉಳಿಯುತ್ತದೆ. ಅಂಕದಲ್ಲಿ ಅದು 65.83, ಅಂದರೆ ಅನುತ್ತೀರ್ಣ.

## ಹಂತ 3: ತೇರ್ಗಡೆಯ ಅಂಕವನ್ನೂ ಪಾಲಿಗೆ ಪರಿವರ್ತಿಸಿ, ಮೇಲಕ್ಕೆ ಏರಿಸಿ

66 ಅಂಕವನ್ನು ಪಾಲಿಗೆ ತರಲು ಅದನ್ನು ಮೂರರಿಂದ ಗುಣಿಸಿ 2.5ರಿಂದ ಭಾಗಿಸಬೇಕು. 198ನ್ನು 2.5ರಿಂದ ಭಾಗಿಸಿದರೆ 79.2 ಬರುತ್ತದೆ. ಅರ್ಧ ಪಾಲು, ಕಾಲು ಪಾಲು ಎಂಬುದು ಈ ಪತ್ರಿಕೆಯಲ್ಲಿ ಯಾರಿಗೂ ಸಿಗುವುದಿಲ್ಲವಾದ್ದರಿಂದ, 79.2 ತಲುಪಬೇಕೆಂದರೆ 80 ಪಾಲು ಬೇಕೇ ಬೇಕು. 80 ಪಾಲು ಎಂದರೆ 66.67 ಅಂಕ. ಆದ್ದರಿಂದ ಈ ಪತ್ರಿಕೆಯಲ್ಲಿ ಸರಿಯಾಗಿ 66 ಅಂಕ ಪಡೆಯುವುದು ಸಾಧ್ಯವೇ ಇಲ್ಲ. ಒಂದೋ 65.83ರಲ್ಲಿ ನಿಲ್ಲುತ್ತೀರಿ, ಇಲ್ಲವೇ 66.67ಕ್ಕೆ ದಾಟುತ್ತೀರಿ.

ಇಲ್ಲಿ ಒಂದು ಗೊಂದಲಕ್ಕೆ ಎಡೆಯಿದೆ. ಒಟ್ಟು ಪ್ರಶ್ನೆಗಳೂ 80, ಬೇಕಾದ ಪಾಲೂ 80. ಇದು ಕಾಕತಾಳೀಯ ಅಷ್ಟೆ, ಒಂದರಿಂದ ಇನ್ನೊಂದು ಬಂದಿಲ್ಲ. ಬೇರೆ ಪರೀಕ್ಷೆಯ ಲೆಕ್ಕ ಮಾಡುವಾಗ ಪ್ರಶ್ನೆಗಳ ಸಂಖ್ಯೆಯನ್ನೇ ಪಾಲಿನ ಜಾಗದಲ್ಲಿ ಇಟ್ಟುಬಿಟ್ಟರೆ ಉತ್ತರ ಪೂರ್ತಿ ಕೆಡುತ್ತದೆ.

ಪೂರ್ಣಾಂಕಕ್ಕೆ ತರುವಾಗ ಯಾವಾಗಲೂ ಮೇಲಕ್ಕೇ ಏರಿಸಬೇಕು. 79.2 ಎಂಬುದು 79ಕ್ಕೆ ಹತ್ತಿರವಿದೆ ಎಂಬ ಕಾರಣಕ್ಕೆ ಕೆಳಗಿಳಿಸುವ ಶಾಲೆಯ ಅಭ್ಯಾಸ ಇಲ್ಲಿ ಸಲ್ಲದು.

## ಹಂತ 4: ಉತ್ತರಿಸಿದ ಪ್ರಶ್ನೆಗಳಿಗೆ ತಕ್ಕಂತೆ ಸರಿ ಉತ್ತರದ ಸಂಖ್ಯೆ ಕಂಡುಹಿಡಿಯಿರಿ

ಸರಿ ಉತ್ತರಗಳ ಮೂರರಷ್ಟರಿಂದ ತಪ್ಪು ಉತ್ತರಗಳನ್ನು ಕಳೆದಾಗ ಕನಿಷ್ಠ 80 ಉಳಿಯಬೇಕು ಎಂಬುದು ನಮ್ಮ ಷರತ್ತು. ತಪ್ಪುಗಳ ಸಂಖ್ಯೆ ನಮಗೆ ಮೊದಲೇ ತಿಳಿದಿರುವುದಿಲ್ಲ, ಆದರೆ ಎಷ್ಟಕ್ಕೆ ಉತ್ತರಿಸಿದ್ದೇವೆ ಎಂಬುದು ತಿಳಿದಿರುತ್ತದೆ. ಉತ್ತರಿಸಿದ್ದರಲ್ಲಿ ಸರಿಯಾದದ್ದನ್ನು ಕಳೆದರೆ ಉಳಿಯುವುದೇ ತಪ್ಪು. ಈ ಮಾತನ್ನು ಷರತ್ತಿನೊಳಗೆ ಸೇರಿಸಿದಾಗ, ಸರಿ ಉತ್ತರಗಳ ನಾಲ್ಕರಷ್ಟು, 80 ಮತ್ತು ಉತ್ತರಿಸಿದ ಪ್ರಶ್ನೆಗಳ ಮೊತ್ತಕ್ಕೆ ಸಮನಾಗಿರಬೇಕು ಅಥವಾ ಅದನ್ನು ಮೀರಬೇಕು ಎಂದಾಗುತ್ತದೆ. ಸೂತ್ರ ಹೀಗಿದೆ:

```
ಬೇಕಾದ ಸರಿ ಉತ್ತರ = (80 + ಉತ್ತರಿಸಿದ ಪ್ರಶ್ನೆಗಳು) ÷ 4
(ಭಿನ್ನ ಬಂದರೆ ಮುಂದಿನ ಪೂರ್ಣಾಂಕ)
```

60 ಪ್ರಶ್ನೆಗಳಿಗೆ ಉತ್ತರಿಸಿದ್ದೀರಿ ಎಂದುಕೊಳ್ಳಿ. 80ಕ್ಕೆ 60 ಸೇರಿಸಿ ನಾಲ್ಕರಿಂದ ಭಾಗಿಸಿದರೆ 35. ಇದನ್ನು ಹಾಗೆಯೇ ನಂಬದೆ ಅಂಕದಲ್ಲಿ ತಾಳೆ ನೋಡಿ: 35 ಸರಿಗೆ 87.5 ಅಂಕ, 25 ತಪ್ಪಿಗೆ 20.83 ಕಡಿತ, ಉಳಿದದ್ದು 66.67. ಒಂದು ಕಡಿಮೆ ಮಾಡಿ 34 ಸರಿ, 26 ತಪ್ಪು ಎಂದು ಹಿಡಿದರೆ 85ರಿಂದ 21.67 ಹೋಗಿ 63.33 ಆಗುತ್ತದೆ. ತಾಳೆ ನೋಡುವಾಗ ಹೀಗೆ ಬಂದ ಸಂಖ್ಯೆಯನ್ನೂ ಅದಕ್ಕಿಂತ ಒಂದು ಕಡಿಮೆಯ ಸಂಖ್ಯೆಯನ್ನೂ ಪರೀಕ್ಷಿಸಬೇಕು. ಮೊದಲನೆಯದು ತೇರ್ಗಡೆಯಾಗಿ ಎರಡನೆಯದು ಅನುತ್ತೀರ್ಣವಾದರೆ ಮಾತ್ರ ಲೆಕ್ಕ ಸರಿ. ಎರಡೂ ತೇರ್ಗಡೆಯಾದರೆ ನೀವು ಎಲ್ಲೋ ಹೆಚ್ಚಾಗಿ ಹಿಡಿದಿದ್ದೀರಿ.

ಇದೇ ಸೂತ್ರದಿಂದ ಸಿಗುವ ಸಂಖ್ಯೆಗಳು:

| ಉತ್ತರಿಸಿದ್ದು | ಬೇಕಾದ ಸರಿ | ಆಗ ತಪ್ಪು | ಬರುವ ಅಂಕ |
|---|---|---|---|
| 27 | 27 | 0 | 67.50 |
| 40 | 30 | 10 | 66.67 |
| 50 | 33 | 17 | 68.33 |
| 60 | 35 | 25 | 66.67 |
| 70 | 38 | 32 | 68.33 |
| 80 | 40 | 40 | 66.67 |

ಈ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಉತ್ತರಿಸುವ ಪ್ರಶ್ನೆಗಳು 40ರಿಂದ 80ಕ್ಕೆ, ಅಂದರೆ 40ರಷ್ಟು ಹೆಚ್ಚಿದರೂ ಬೇಕಾದ ಸರಿ ಉತ್ತರ ಹೆಚ್ಚುವುದು ಕೇವಲ 10. ಹೆಚ್ಚುವರಿಯಾಗಿ ಉತ್ತರಿಸುವ ಪ್ರತಿ ನಾಲ್ಕು ಪ್ರಶ್ನೆಗಳಲ್ಲಿ ಒಂದು ಸರಿಯಾದರೂ ನಿಮ್ಮ ಸ್ಥಿತಿ ಹದಗೆಡುವುದಿಲ್ಲ, ಎರಡು ಸರಿಯಾದರೆ ನೀವು ಮುಂದೆ ಹೋಗುತ್ತೀರಿ. ಬದಲಾಗಿ ಸರಿಯುತ್ತರಗಳ ಪ್ರಮಾಣವನ್ನು ನೋಡಿದರೆ, 40ಕ್ಕೆ ಮಾತ್ರ ಉತ್ತರಿಸುವವರು ನಾಲ್ಕರಲ್ಲಿ ಮೂರನ್ನು ಸರಿ ಮಾಡಬೇಕಾಗುತ್ತದೆ, ಎಲ್ಲಕ್ಕೂ ಉತ್ತರಿಸುವವರಿಗೆ ಅರ್ಧ ಸಾಕು. ಕಡಿಮೆ ಉತ್ತರಿಸುವುದೇ ಸುರಕ್ಷಿತ ಎಂಬ ಸಲಹೆಯನ್ನು ಯಾರಾದರೂ ಕೊಟ್ಟರೆ ಈ ಎರಡು ಸಾಲುಗಳನ್ನು ಅವರ ಮುಂದಿಡಿ.

ಮನೆಯಲ್ಲಿ ಸ್ಪ್ರೆಡ್‌ಶೀಟ್‌ನಲ್ಲಿ ಪೂರ್ತಿ ಪಟ್ಟಿ ಬೇಕೆನಿಸಿದರೆ, ಉತ್ತರಿಸಿದ ಪ್ರಶ್ನೆಗಳ ಸಂಖ್ಯೆಯನ್ನು ಮೊದಲ ಕಾಲಂನಲ್ಲಿ ಬರೆದು ಪಕ್ಕದಲ್ಲಿ ಇದನ್ನು ಹಾಕಿ:

```
=ROUNDUP((80+A2)/4,0)
```

27ಕ್ಕಿಂತ ಕಡಿಮೆ ಸಂಖ್ಯೆ ಕೊಟ್ಟರೂ ಇದು ಒಂದು ಉತ್ತರ ಹೇಳುತ್ತದೆ. 20 ಎಂದು ಕೊಟ್ಟರೆ 25 ಬರುತ್ತದೆ. ಉತ್ತರಿಸಿದ್ದಕ್ಕಿಂತ ಬೇಕಾದ ಸರಿ ಉತ್ತರವೇ ಹೆಚ್ಚು ಬಂದರೆ, ಅಷ್ಟು ಪ್ರಶ್ನೆಗಳಿಂದ ತೇರ್ಗಡೆ ಸಾಧ್ಯವಿಲ್ಲ ಎಂದೇ ಅರ್ಥ.

## ಹಂತ 5: ಹಿಂದಿನಿಂದ ಲೆಕ್ಕ ಹಾಕಿ, ಎಷ್ಟು ತಪ್ಪಿಗೆ ಅವಕಾಶವಿದೆ ನೋಡಿ

ಕೆಲವೊಮ್ಮೆ ಪ್ರಶ್ನೆ ಉಲ್ಟಾ ಇರುತ್ತದೆ. "ನನ್ನ 34 ಉತ್ತರಗಳು ಸರಿಯಿವೆ ಎಂಬ ನಂಬಿಕೆಯಿದೆ, ಎಷ್ಟು ತಪ್ಪಾಗಬಹುದು?" ಎಂದು ಕೇಳಿದರೆ ಸರಿ ಉತ್ತರಗಳ ಮೂರರಷ್ಟರಿಂದ 80 ಕಳೆಯಿರಿ. 102ರಿಂದ 80 ಹೋದರೆ 22. ಅಂದರೆ 34 ಸರಿ ಇರುವವರು 22 ತಪ್ಪಿನವರೆಗೆ ತೇರ್ಗಡೆ, 23ನೇ ತಪ್ಪು ಅವರನ್ನು ಹೊರಗೆ ಹಾಕುತ್ತದೆ. 30 ಸರಿ ಇದ್ದರೆ 10 ತಪ್ಪು, 38 ಸರಿ ಇದ್ದರೆ 34 ತಪ್ಪು. ಒಂದು ಸರಿ ಉತ್ತರ ಹೆಚ್ಚಿದಾಗ ಮೂರು ತಪ್ಪಿನ ಅವಕಾಶ ಸಿಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಕೀ ಉತ್ತರದೊಂದಿಗೆ ಹೋಲಿಸುವಾಗ ಈ ರೂಪವೇ ಹೆಚ್ಚು ಅನುಕೂಲ. ಹೋಲಿಸುವಾಗ ಸರಿ, ತಪ್ಪು, ಖಾಲಿ ಎಂದು ಮೂರು ಬೇರೆ ಕಾಲಂಗಳಲ್ಲಿ ಗೀಟು ಹಾಕಿ, ಕೊನೆಗೆ ಮೂರನ್ನೂ ಕೂಡಿಸಿ. ಮೊತ್ತ 80 ಬರದಿದ್ದರೆ ಎಣಿಕೆಯಲ್ಲೇ ತಪ್ಪಿದೆ. ಒಟ್ಟು ಪ್ರಶ್ನೆಗಳಿಂದ ಸರಿಯಾದದ್ದನ್ನು ಕಳೆದು ಉಳಿದದ್ದೆಲ್ಲ ತಪ್ಪು ಎಂದು ಭಾವಿಸುವವರೂ ಇದ್ದಾರೆ. ಅವರು ಖಾಲಿ ಬಿಟ್ಟ ಪ್ರಶ್ನೆಗಳಿಗೂ ತಮಗೆ ತಾವೇ ದಂಡ ಹಾಕಿಕೊಂಡು, ತೇರ್ಗಡೆಯಾದ ಪತ್ರಿಕೆಯನ್ನೇ ಅನುತ್ತೀರ್ಣವೆಂದು ಎಣಿಸಿಬಿಡುತ್ತಾರೆ.

## ಹಂತ 6: ಎಲ್ಲ ಉತ್ತರಗಳನ್ನೂ ಒಂದೇ ತೂಕದಲ್ಲಿ ನೋಡಬೇಡಿ

ಇಲ್ಲಿಯವರೆಗಿನದು ಬರೀ ಅಂಕಗಣಿತ. ಪರೀಕ್ಷಾ ಕೊಠಡಿಯಲ್ಲಿ ಕುಳಿತಾಗ ಎಷ್ಟು ಸರಿಯಾಗಿವೆ ಎಂಬುದು ತಿಳಿಯುವುದಿಲ್ಲ, ಅಂದಾಜು ಮಾಡಬೇಕಾಗುತ್ತದೆ. ಆ ಅಂದಾಜಿಗೆ ಅಣಕು ಪರೀಕ್ಷೆಗಳೇ ಆಧಾರ. ಅಣಕು ಪರೀಕ್ಷೆ ಬರೆಯುವಾಗ ಪ್ರತಿ ಉತ್ತರದ ಪಕ್ಕದಲ್ಲಿ ಅದು ಖಚಿತವೇ, ಎರಡು ಆಯ್ಕೆಗಳ ನಡುವೆ ಉಳಿದದ್ದೇ, ಕಣ್ಣುಮುಚ್ಚಿ ಹಾಕಿದ್ದೇ ಎಂದು ಗುರುತು ಮಾಡಿಕೊಳ್ಳಿ. ಮೌಲ್ಯಮಾಪನದ ನಂತರ ಪ್ರತಿ ಗುಂಪಿನಲ್ಲಿ ಎಷ್ಟು ಸರಿಯಾದವು ಎಂದು ಬೇರೆ ಬೇರೆಯಾಗಿ ಎಣಿಸಿ. ಖಚಿತವೆಂದು ಗುರುತಿಸಿದ್ದೆಲ್ಲವೂ ಸರಿ ಎಂದು ಹಿಡಿಯುವುದು ಈ ಹಂತದ ಅತಿ ದೊಡ್ಡ ತಪ್ಪು. ಸಿಸ್ಯಾಟ್‌ನ ಗದ್ಯಭಾಗ ಆಧಾರಿತ ಪ್ರಶ್ನೆಗಳಲ್ಲಿ ಖಚಿತವೆನಿಸಿದ ಉತ್ತರವೇ ಕೈಕೊಡುವುದು ಹೆಚ್ಚು.

ಒಬ್ಬ ಅಭ್ಯರ್ಥಿಯ ಲೆಕ್ಕವನ್ನು ಪೂರ್ತಿ ಮಾಡೋಣ. ಖಚಿತವೆನಿಸಿದ 26 ಪ್ರಶ್ನೆಗಳಲ್ಲಿ ಆಕೆಗೆ ಸಾಮಾನ್ಯವಾಗಿ 24 ಸರಿಯಾಗುತ್ತವೆ: 72 ಪಾಲು ಬಂದು 2 ಹೋಗಿ 70 ಉಳಿಯುತ್ತದೆ. ಎರಡು ಆಯ್ಕೆಗಳಿಗೆ ಇಳಿದ 16 ಪ್ರಶ್ನೆಗಳಲ್ಲಿ ಅರ್ಧ ಸರಿಯಾದರೆ 24 ಬಂದು 8 ಹೋಗಿ 16 ಸೇರುತ್ತದೆ. ಒಟ್ಟು 86 ಪಾಲು, ಅಂದರೆ ಬೇಕಾದ್ದಕ್ಕಿಂತ 6 ಹೆಚ್ಚು. ಕಾಗದದ ಮೇಲೆ ಆಕೆ ತೇರ್ಗಡೆ.

ಆದರೆ 16ರಲ್ಲಿ 8 ಎಂಬುದು ಸರಾಸರಿ ಮಾತ್ರ. 7 ಸರಿಯಾದರೆ ಒಟ್ಟು 82 ಆಗಿ ಆಕೆ ಪಾರಾಗುತ್ತಾಳೆ, 6 ಸರಿಯಾದರೆ 78ಕ್ಕೆ ಕುಸಿದು ಉಳಿಯುವುದಿಲ್ಲ. ನಾಣ್ಯ ಚಿಮ್ಮಿದಂತೆ ಅರ್ಧಕ್ಕರ್ಧ ಸಂಭವವಿರುವ 16 ಪ್ರಶ್ನೆಗಳಲ್ಲಿ 6 ಅಥವಾ ಅದಕ್ಕಿಂತ ಕಡಿಮೆ ಸರಿಯಾಗುವ ಸಂಭವ ಸುಮಾರು ಶೇ 23. ಸರಾಸರಿಯಲ್ಲಿ ದಾಟಿದ್ದೇನೆ ಎಂದು ಸಮಾಧಾನಪಟ್ಟುಕೊಂಡ ಇಂಥ ನಾಲ್ಕು ಜನರಲ್ಲಿ ಹತ್ತಿರಹತ್ತಿರ ಒಬ್ಬರು ಸೋಲುತ್ತಾರೆ. ಅಣಕು ಪರೀಕ್ಷೆಯಲ್ಲಿ 70 ಅಂಕದ ಆಸುಪಾಸಿನಲ್ಲೇ ಇರುವವರು ನಿಜ ಪರೀಕ್ಷೆಯಲ್ಲಿ 60ಕ್ಕೆ ಇಳಿದಾಗ ಪತ್ರಿಕೆ ಕಠಿಣವಾಗಿತ್ತು ಎನ್ನುತ್ತಾರೆ. ಎಷ್ಟೋ ಸಲ ಪತ್ರಿಕೆ ಕಠಿಣವಾಗಿರುವುದಿಲ್ಲ, ಅಂಚು ಸಾಕಾಗಿರುವುದಿಲ್ಲ.

## ಹಂತ 7: ಉಳಿದ ಪ್ರಶ್ನೆಗಳನ್ನು ಊಹೆಯ ಮೇಲೆ ತುಂಬಬೇಕೇ ಎಂದು ನಿರ್ಧರಿಸಿ

ನಾಲ್ಕು ಆಯ್ಕೆಗಳಿರುವಾಗ ಏನೂ ತಿಳಿಯದೆ ತುಂಬಿದ ನಾಲ್ಕು ಉತ್ತರಗಳಲ್ಲಿ ಸರಾಸರಿ ಒಂದು ಸರಿಯಾಗಿ ಮೂರು ಪಾಲು ಬರುತ್ತದೆ, ಮೂರು ತಪ್ಪಾಗಿ ಮೂರು ಪಾಲು ಹೋಗುತ್ತದೆ. ಸರಾಸರಿ ಲಾಭ ಸೊನ್ನೆ, ನಷ್ಟವೂ ಸೊನ್ನೆ. ಹಾಗಾದರೆ ತುಂಬಿದರೂ ಬಿಟ್ಟರೂ ಒಂದೇ ಎನ್ನಬಹುದೇ? ತೇರ್ಗಡೆಯ ಗೆರೆಯೊಂದಿರುವ ಪರೀಕ್ಷೆಯಲ್ಲಿ ಹಾಗೆನ್ನಲಾಗದು. ಊಹೆಯು ಸರಾಸರಿಯನ್ನು ಬದಲಿಸದಿದ್ದರೂ ಏರಿಳಿತವನ್ನು ಹೆಚ್ಚಿಸುತ್ತದೆ. ಗೆರೆಯ ಮೇಲಿರುವವರಿಗೆ ಏರಿಳಿತ ಅಪಾಯ, ಕೆಳಗಿರುವವರಿಗೆ ಅದೇ ಅವಕಾಶ.

ಮೇಲಿನ ಅಭ್ಯರ್ಥಿಯು ಉಳಿದ 38 ಪ್ರಶ್ನೆಗಳನ್ನೂ ಕುರುಡಾಗಿ ತುಂಬಿದರೆ ಆಕೆಯ ಸೋಲಿನ ಸಂಭವ ಶೇ 23ರಿಂದ ಸುಮಾರು ಶೇ 27ಕ್ಕೆ ಏರುತ್ತದೆ. ದೊಡ್ಡ ವ್ಯತ್ಯಾಸವಲ್ಲ, ಆದರೆ ಬೇಡದ ವ್ಯತ್ಯಾಸ.

ಇನ್ನೊಬ್ಬ ಅಭ್ಯರ್ಥಿಯ ಸ್ಥಿತಿ ಬೇರೆ. ಆತನಿಗೆ ಖಚಿತವೆನಿಸಿದವು 20, ಅದರಲ್ಲಿ 19 ಸರಿಯಾಗಿ 56 ಪಾಲು. ಎರಡು ಆಯ್ಕೆಗಳ ನಡುವಿನವು 12, ಸರಾಸರಿ 12 ಪಾಲು. ಒಟ್ಟು 68, ಬೇಕಾದ್ದಕ್ಕಿಂತ 12 ಕಡಿಮೆ. ಇಲ್ಲಿಗೇ ನಿಲ್ಲಿಸಿದರೆ ಆತ ಪಾರಾಗಲು 12ರಲ್ಲಿ 9 ಸರಿಯಾಗಬೇಕು, ಅದರ ಸಂಭವ ಶೇ 7ರಷ್ಟು ಮಾತ್ರ. ಉಳಿದ 48ನ್ನೂ ತುಂಬಿದರೆ ಪಾರಾಗುವ ಸಂಭವ ಐದರಲ್ಲಿ ಒಂದಕ್ಕಿಂತ ತುಸು ಹೆಚ್ಚಾಗುತ್ತದೆ. ಆಗಲೂ ಸೋಲಿನ ಸಾಧ್ಯತೆಯೇ ಹೆಚ್ಚು, ನಿಜ. ಆದರೆ 50 ಅಂಕದಲ್ಲಿ ಸೋತರೂ 64ರಲ್ಲಿ ಸೋತರೂ ಅರ್ಹತಾ ಪತ್ರಿಕೆಯಲ್ಲಿ ಫಲಿತಾಂಶ ಒಂದೇ ಆಗಿರುವುದರಿಂದ ಆತ ಕಳೆದುಕೊಳ್ಳುವುದು ಏನೂ ಇಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಕೊನೆಯ ಹತ್ತು ನಿಮಿಷದಲ್ಲಿ ಖಚಿತ ಮತ್ತು ಅರ್ಧ ಖಚಿತ ಉತ್ತರಗಳನ್ನು ಎಣಿಸಿ ಪಾಲಿನ ಅಂದಾಜು ಮಾಡಿ. ಅದು 90ಕ್ಕಿಂತ ಮೇಲಿದ್ದರೆ ಖಾಲಿ ಇರುವುದನ್ನು ಮುಟ್ಟಬೇಡಿ. 75ಕ್ಕಿಂತ ಕೆಳಗಿದ್ದರೆ ಖಾಲಿ ಬಿಡುವುದರಲ್ಲಿ ಅರ್ಥವಿಲ್ಲ. ನಡುವೆ ಇದ್ದರೆ, ಒಂದಾದರೂ ಆಯ್ಕೆಯನ್ನು ಖಂಡಿತ ತಪ್ಪೆಂದು ತೆಗೆದುಹಾಕಲು ಸಾಧ್ಯವಾದ ಪ್ರಶ್ನೆಗಳನ್ನು ಮಾತ್ರ ತುಂಬಿ. ಮೂರು ಆಯ್ಕೆ ಉಳಿದಾಗ ಮೂರರಲ್ಲಿ ಒಂದು ಸರಿಯಾಗಿ, ಪ್ರತಿ ಮೂರು ಪ್ರಶ್ನೆಗೆ ಸರಾಸರಿ ಒಂದು ಪಾಲು ನಿಮ್ಮ ಕಡೆ ಉಳಿಯುತ್ತದೆ. 90 ಮತ್ತು 75 ಎಂಬ ಗಡಿಗಳು ನನ್ನ ಅಂದಾಜು, ಅಧಿಸೂಚನೆಯಲ್ಲಿ ಇರುವಂಥವಲ್ಲ. ನಿಮ್ಮ ಅಣಕು ಪರೀಕ್ಷೆಗಳ ಏರಿಳಿತ ಹೆಚ್ಚಿದ್ದರೆ ಮೇಲಿನ ಗಡಿಯನ್ನು ಇನ್ನಷ್ಟು ಮೇಲಿಡಿ.

## ಹಂತ 8: ಕೀ ಉತ್ತರದ ವ್ಯತ್ಯಾಸಕ್ಕೆ ಅಂಚು ಬಿಡಿ

ಪರೀಕ್ಷೆಯ ಸಂಜೆ ತರಬೇತಿ ಕೇಂದ್ರಗಳು ಹೊರಡಿಸುವ ಕೀ ಉತ್ತರಗಳು ಒಂದಕ್ಕೊಂದು ಪೂರ್ತಿ ಹೊಂದುವುದು ಅಪರೂಪ. ಸರಿ ಎಂದುಕೊಂಡ ಒಂದು ಉತ್ತರ ತಪ್ಪಾದಾಗ ನಷ್ಟವಾಗುವುದು ಮೂರು ಪಾಲಲ್ಲ, ನಾಲ್ಕು: ಬರಬೇಕಾದ ಮೂರು ಬರುವುದಿಲ್ಲ, ಜೊತೆಗೆ ಒಂದು ಹೋಗುತ್ತದೆ. ಅಂಕದಲ್ಲಿ ಅದು 3.33. ಬಹುತೇಕರು 2.5 ಎಂದು ತಿಳಿದು ಕಡಿಮೆ ಅಂಚು ಇಟ್ಟುಕೊಳ್ಳುತ್ತಾರೆ.

ಎರಡು ಉತ್ತರಗಳು ವಿವಾದದಲ್ಲಿದ್ದರೆ 8 ಪಾಲಿನ ಅಂಚು ಬೇಕು, ಅಂದರೆ 88 ಪಾಲು, 73.33 ಅಂಕ. ಆದ್ದರಿಂದ ಯಾವುದೋ ಒಂದು ಕೀ ಪ್ರಕಾರ 70 ಅಂಕ ಬರುತ್ತಿದ್ದರೆ ತೇರ್ಗಡೆ ಎಂದು ಬರೆದಿಡುವ ಮೊದಲು, ವಿವಾದದಲ್ಲಿರುವ ಪ್ರಶ್ನೆಗಳನ್ನೆಲ್ಲ ನಿಮ್ಮ ವಿರುದ್ಧವೇ ಎಣಿಸಿ ಇನ್ನೊಮ್ಮೆ ಕೂಡಿಸಿ. ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವಾಗ ಒಂದು ಸಾಲು ಕೆಳಗಿಳಿದು ತುಂಬಿದ ಅನುಮಾನವಿದ್ದರೆ ಆ ಪ್ರಶ್ನೆಗಳನ್ನೂ ಇದೇ ಗುಂಪಿಗೆ ಸೇರಿಸಿ.

## ಹಂತ 9: ಬೇರೆ ಪರೀಕ್ಷೆಗೆ ಹೊಂದಿಸಿಕೊಳ್ಳಿ

ಬದಲಿಸಬೇಕಾದವು ಎರಡೇ. ಸರಿ ಉತ್ತರದ ಅಂಕವು ಕಡಿತದ ಎಷ್ಟು ಪಟ್ಟಿದೆ ಎಂಬುದು ಮೊದಲನೆಯದು, ತೇರ್ಗಡೆಯ ಅಂಕದಲ್ಲಿ ಎಷ್ಟು ಪಾಲಿದೆ ಎಂಬುದು ಎರಡನೆಯದು.

```
ಬೇಕಾದ ಸರಿ = (ಬೇಕಾದ ಪಾಲು + ಉತ್ತರಿಸಿದ್ದು) ÷ (ಪಟ್ಟು + 1)
```

ಉದಾಹರಣೆಗೆ, ತಲಾ ಒಂದು ಅಂಕದ 100 ಪ್ರಶ್ನೆಗಳು, ತಪ್ಪಿಗೆ 0.25 ಕಡಿತ, ತೇರ್ಗಡೆಗೆ 35 ಅಂಕ ಎಂದುಕೊಳ್ಳಿ. ಪಟ್ಟು ನಾಲ್ಕು, ಬೇಕಾದ ಪಾಲು 140. ಎಲ್ಲ ನೂರಕ್ಕೂ ಉತ್ತರಿಸಿದರೆ 240ನ್ನು ಐದರಿಂದ ಭಾಗಿಸಿ 48 ಸರಿ ಬೇಕು. ತಾಳೆ: 52 ತಪ್ಪಿಗೆ 13 ಅಂಕ ಹೋಗಿ 35 ಉಳಿಯುತ್ತದೆ. 60ಕ್ಕೆ ಉತ್ತರಿಸಿದರೆ 40 ಸರಿ ಬೇಕು. ಇಲ್ಲಿ ಐದು ಹೆಚ್ಚುವರಿ ಪ್ರಶ್ನೆಗಳಿಗೆ ಒಂದು ಸರಿಯಾದರೂ ನಷ್ಟವಿಲ್ಲ. ನಾಲ್ಕೇ ಆಯ್ಕೆಗಳಿರುವಾಗ ನಾಲ್ಕಕ್ಕೆ ಒಂದರಂತೆ ಸರಿಯಾಗುವುದರಿಂದ ಕುರುಡು ಊಹೆಯಿಂದಲೂ ಸರಾಸರಿಯಲ್ಲಿ ಅಲ್ಪ ಲಾಭವಿದೆ. ಸಿಸ್ಯಾಟ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ, ಮತ್ತು ಏಳನೇ ಹಂತದ ಗಡಿಗಳನ್ನು ಹಾಗೆಯೇ ಇಲ್ಲಿಗೆ ತರಬಾರದು ಎನ್ನುವುದೂ ಈ ಕಾರಣಕ್ಕೇ.

## ಈ ಲೆಕ್ಕ ಎಲ್ಲಿ ಕೆಲಸ ಮಾಡುವುದಿಲ್ಲ

ತೇರ್ಗಡೆಯ ಅಂಕ ಮೊದಲೇ ನಿಗದಿಯಾಗಿದ್ದರೆ ಮಾತ್ರ ಈ ವಿಧಾನಕ್ಕೆ ನೆಲೆಯಿದೆ. ಪೂರ್ವಭಾವಿ ಪರೀಕ್ಷೆಯ ಮೊದಲ ಪತ್ರಿಕೆಯ ಕಟ್‌ಆಫ್ ಆ ವರ್ಷದ ಸ್ಪರ್ಧೆಯಿಂದ ತೀರ್ಮಾನವಾಗುತ್ತದೆ, ಆದ್ದರಿಂದ ಹಿಂದಿನ ವರ್ಷದ ಅಂಕವನ್ನು ಸೂತ್ರದಲ್ಲಿ ಹಾಕಿದರೆ ಸಿಗುವುದು ಗುರಿಯೇ ಹೊರತು ಖಾತರಿಯಲ್ಲ. ನೀಟ್‌ನಲ್ಲಿ ಅರ್ಹತೆಯು ಪರ್ಸೆಂಟೈಲ್ ಮೇಲೆ ನಿಂತಿರುವುದರಿಂದ ಅದಕ್ಕೂ ಇದೇ ಮಾತು ಅನ್ವಯ. ಹಲವು ಪಾಳಿಗಳಲ್ಲಿ ನಡೆದು ನಾರ್ಮಲೈಸೇಶನ್‌ಗೆ ಒಳಪಡುವ ಪರೀಕ್ಷೆಗಳಲ್ಲಿ ನೀವು ಎಣಿಸಿದ ಅಂಕವೇ ಅಂತಿಮ ಅಂಕವಾಗಿರುವುದಿಲ್ಲ.

ಗೇಟ್ ಪರೀಕ್ಷೆಯಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಒಂದು ಅಂಕದ ಬಹು ಆಯ್ಕೆ ಪ್ರಶ್ನೆಗೆ ಮೂರನೇ ಒಂದು ಅಂಕ, ಎರಡು ಅಂಕದ್ದಕ್ಕೆ ಮೂರನೇ ಎರಡು ಅಂಕ ಕಡಿತವಿದೆ, ಸಂಖ್ಯೆಯನ್ನೇ ಉತ್ತರವಾಗಿ ಬರೆಯುವ ಪ್ರಶ್ನೆಗಳಿಗೆ ಕಡಿತವೇ ಇಲ್ಲ. ಇಂಥ ಪತ್ರಿಕೆಗೆ "ಇಷ್ಟು ಸರಿ ಉತ್ತರ ಸಾಕು" ಎಂಬ ಒಂದೇ ಸಂಖ್ಯೆ ಸಿಗುವುದಿಲ್ಲ. ಮೊದಲು ಕಡಿತವಿಲ್ಲದ ಪ್ರಶ್ನೆಗಳಿಂದ ಬರಬಹುದಾದ ಅಂಕವನ್ನು ಗುರಿಯಿಂದ ಕಳೆದು, ಉಳಿದ ಗುರಿಯನ್ನು ಮೂರನೇ ಒಂದು ಅಂಕದ ಪಾಲುಗಳಿಗೆ ಪರಿವರ್ತಿಸಿ, ಒಂದು ಅಂಕದ ಸರಿ ಉತ್ತರಕ್ಕೆ ಮೂರು ಪಾಲು, ಎರಡು ಅಂಕದ್ದಕ್ಕೆ ಆರು ಪಾಲು, ತಪ್ಪಿಗೆ ಕ್ರಮವಾಗಿ ಒಂದು ಮತ್ತು ಎರಡು ಪಾಲು ಎಂದು ಎರಡು ಗುಂಪುಗಳನ್ನೂ ಬೇರೆ ಬೇರೆಯಾಗಿ ಎಣಿಸಿ ಕೂಡಿಸಬೇಕು.